ಸಂಚಿತ ಅನುಕೂಲ ಮತ್ತು ಅನನುಕೂಲ

ಒಂದೇ ಕಾಲದಲ್ಲಿ ಹುಟ್ಟಿದವರ ನಡುವೆ ಆದಾಯ, ಆರೋಗ್ಯ, ಸ್ಥಾನಮಾನಗಳಂಥ ಯಾವುದಾದರೊಂದು ವಿಷಯದಲ್ಲಿರುವ ಅಂತರವು ವರ್ಷಗಳು ಕಳೆದಂತೆ ವ್ಯವಸ್ಥಿತವಾಗಿ ಹಿಗ್ಗುತ್ತ ಹೋಗುವ ಪ್ರವೃತ್ತಿಗೆ ಸಮಾಜವಿಜ್ಞಾನದಲ್ಲಿ ಸಂಚಿತ ಅನುಕೂಲ ಮತ್ತು ಅನನುಕೂಲ ಎಂದು ಹೆಸರು. ಇದು ಒಬ್ಬ ವ್ಯಕ್ತಿಯ ಗುಣವಲ್ಲ, ಒಂದು ಗುಂಪಿನ ಲಕ್ಷಣ. ಒಬ್ಬನು ಬಡವನಾಗಿ ಹುಟ್ಟಿ ಬಡವನಾಗಿಯೇ ಉಳಿದನೆಂಬುದು ಇದಕ್ಕೆ ಉದಾಹರಣೆಯಾಗದು. ಒಟ್ಟಿಗೆ ಹುಟ್ಟಿದವರೆಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಮುಂದಿನವರಿಗೂ ಹಿಂದಿನವರಿಗೂ ನಡುವೆ ಇದ್ದ ದೂರಕ್ಕಿಂತ ಐವತ್ತೈದನೆಯ ವಯಸ್ಸಿನ ದೂರ ಹೆಚ್ಚಾಗಿದೆಯೆ, ಮತ್ತು ಹೆಚ್ಚಿದ ಭಾಗವು ಆರಂಭದ ಸ್ಥಾನವನ್ನೇ ಅನುಸರಿಸಿ ಹಂಚಿಕೆಯಾಗಿದೆಯೆ ಎಂಬುದು ಇಲ್ಲಿನ ಪ್ರಶ್ನೆ. ಹೀಗೆ ಒಂದೇ ಅವಧಿಯಲ್ಲಿ ಹುಟ್ಟಿ ಒಟ್ಟಿಗೆ ವಯಸ್ಸಾಗುವವರನ್ನು ಈ ಲೇಖನದಲ್ಲಿ ‘ಓರಗೆಯ ಗುಂಪು’ ಎಂದು ಕರೆಯಲಾಗಿದೆ.

ಪರಿಕಲ್ಪನೆಯ ಹುಟ್ಟು

ಈ ವಿಚಾರ ಮೊದಲು ರೂಪುಗೊಂಡದ್ದು ಮುಪ್ಪಿನ ಅಧ್ಯಯನದಲ್ಲಲ್ಲ, ವಿಜ್ಞಾನದ ಸಮಾಜಶಾಸ್ತ್ರದಲ್ಲಿ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಇಬ್ಬರು ವಿಜ್ಞಾನಿಗಳು ಒಂದೇ ಬಗೆಯ ಕೆಲಸ ಮಾಡಿದರೂ ಈಗಾಗಲೇ ಹೆಸರಾದವರಿಗೆ ಮನ್ನಣೆಯ ಹೆಚ್ಚಿನ ಪಾಲು ಸಲ್ಲುತ್ತದೆಂದು ತೋರಿಸಿದರು. ನೊಬೆಲ್ ಪುರಸ್ಕೃತರೊಂದಿಗೆ ಹ್ಯಾರಿಯೆಟ್ ಜುಕರ್‌ಮನ್ ನಡೆಸಿದ್ದ ಸಂದರ್ಶನಗಳು ಅವರಿಗೆ ಆಧಾರವಾಗಿದ್ದವು. ಇದ್ದವನಿಗೇ ಮತ್ತಷ್ಟು ಸೇರುತ್ತದೆಂಬ ಮಾತು ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ ಬರುವುದರಿಂದ ಅವರು ಇದನ್ನು ಮತ್ತಾಯ ಪರಿಣಾಮ ಎಂದು ಕರೆದರು. ಮನ್ನಣೆ ಸಿಕ್ಕವರಿಗೆ ಅನುದಾನ, ಒಳ್ಳೆಯ ಪ್ರಯೋಗಾಲಯ, ಚುರುಕಾದ ವಿದ್ಯಾರ್ಥಿಗಳು ದೊರೆಯುತ್ತಾರೆ. ಅವುಗಳಿಂದ ಮುಂದಿನ ಕೆಲಸ ನಿಜವಾಗಿಯೂ ಉತ್ತಮಗೊಳ್ಳುತ್ತದೆ. ಮನ್ನಣೆಯಲ್ಲಿನ ತಾರತಮ್ಯ ಹೀಗೆ ಸಾಮರ್ಥ್ಯದ ವ್ಯತ್ಯಾಸವಾಗಿ ಮಾರ್ಪಡುವುದೇ ಈ ಪರಿಕಲ್ಪನೆಯ ತಿರುಳು.

ಇದನ್ನು ಬದುಕಿನ ಇಡೀ ಹಾದಿಗೆ ಅನ್ವಯಿಸಿದವರಲ್ಲಿ ಡೇಲ್ ಡ್ಯಾನೆಫರ್ ಮುಖ್ಯರು. ವಯಸ್ಸಾದವರು ಪರಸ್ಪರ ಬಹಳ ಭಿನ್ನವಾಗಿರುತ್ತಾರೆ ಎಂಬುದು ಮುಪ್ಪಿನ ಅಧ್ಯಯನಗಳಲ್ಲಿ ಹಳೆಯ ಮಾತು. ಪ್ರತಿಯೊಬ್ಬರ ವ್ಯಕ್ತಿತ್ವ ಅರಳುತ್ತ ಹೋಗುವುದರ ಫಲವೆಂದು ಅದನ್ನು ವಿವರಿಸುತ್ತಿದ್ದರು. ಈ ಭಿನ್ನತೆಯ ದೊಡ್ಡ ಭಾಗವು ಶಾಲೆ, ಉದ್ಯೋಗ, ಪಿಂಚಣಿಯಂಥ ಸಾಮಾಜಿಕ ವ್ಯವಸ್ಥೆಗಳಿಂದಲೇ ಉತ್ಪನ್ನವಾಗುತ್ತದೆಂದು ಡ್ಯಾನೆಫರ್ 1987ರಲ್ಲಿ ವಾದಿಸಿದರು. 1990ರಲ್ಲಿ ಸ್ಟೀಫನ್ ಕ್ರಿಸ್ಟಲ್ ಮತ್ತು ಡೆನಿಸ್ ಶೇ ಅಮೆರಿಕದ ವೃದ್ಧರ ಆದಾಯವನ್ನೂ, 1996ರಲ್ಲಿ ಕ್ಯಾಥರೀನ್ ರಾಸ್ ಮತ್ತು ಚಿಯಾ-ಲಿಂಗ್ ವು ಶಿಕ್ಷಣಕ್ಕೂ ಆರೋಗ್ಯಕ್ಕೂ ಇರುವ ನಂಟನ್ನೂ ಇದೇ ದೃಷ್ಟಿಯಿಂದ ಪರಿಶೀಲಿಸಿದರು. ಆರಂಭದ ಅಂತರ ವಯಸ್ಸಿನೊಂದಿಗೆ ಹಿಗ್ಗುತ್ತದೆಂಬ ಚಿತ್ರ ಎರಡರಲ್ಲೂ ಕಂಡಿತು.

ಅಂತರ ಹಿಗ್ಗುವ ಬಗೆಗಳು

ಸಂಚಯ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಪ್ರಕ್ರಿಯೆಗಳು ಸೇರಿಹೋಗಿವೆ. ಇವನ್ನು ಬೇರ್ಪಡಿಸದಿದ್ದರೆ ಪುರಾವೆಯನ್ನು ತಪ್ಪಾಗಿ ಓದುವ ಸಾಧ್ಯತೆಯಿದೆ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಒಬ್ಬರ ತಿಂಗಳ ಸಂಬಳ 20,000 ರೂಪಾಯಿ, ಇನ್ನೊಬ್ಬರದು 30,000 ರೂಪಾಯಿ ಎಂದಿಟ್ಟುಕೊಳ್ಳೋಣ. ಇಬ್ಬರಿಗೂ ವರ್ಷಕ್ಕೆ ಶೇ. 5ರಂತೆ ಏರಿದರೆ ಮೂವತ್ತು ವರ್ಷಗಳ ನಂತರ ಒಬ್ಬರಿಗೆ ಸುಮಾರು 86,000, ಇನ್ನೊಬ್ಬರಿಗೆ ಸುಮಾರು 1,30,000 ಬರುತ್ತದೆ. ರೂಪಾಯಿಯ ಲೆಕ್ಕದಲ್ಲಿ ಅಂತರ 10,000ದಿಂದ 43,000ಕ್ಕೆ ಹೋಯಿತು. ಆದರೆ ಒಂದೂವರೆ ಪಟ್ಟು ಎಂಬ ಪ್ರಮಾಣ ಹಾಗೆಯೇ ಉಳಿಯಿತು. ಕಡಿಮೆ ಸಂಬಳದ ಕೆಲಸದಲ್ಲಿ ಬಡ್ತಿಯ ಮೆಟ್ಟಿಲುಗಳೇ ಕಡಿಮೆಯಿದ್ದು ಏರಿಕೆ ಶೇ. 4 ಮಾತ್ರ ಆಗಿ, ಇನ್ನೊಂದರಲ್ಲಿ ಶೇ. 6 ಆದರೆ, ಕೊನೆಯಲ್ಲಿ ಸಿಗುವುದು ಸುಮಾರು 65,000 ಮತ್ತು 1,72,000. ಆಗ ಪ್ರಮಾಣ ಎರಡೂವರೆ ಪಟ್ಟನ್ನು ಮೀರುತ್ತದೆ. ಬೆಳವಣಿಗೆಯ ದರವೇ ಆರಂಭದ ಸ್ಥಾನವನ್ನು ಅವಲಂಬಿಸಿರುವ ಈ ಎರಡನೆಯ ಬಗೆಯೇ ಬಲವಾದ ಅರ್ಥದಲ್ಲಿ ಸಂಚಿತ ಅನುಕೂಲ. ಅಧ್ಯಯನವೊಂದು ‘ಅಂತರ ಹೆಚ್ಚಿತು’ ಎಂದಾಗ ಅದು ಮೊತ್ತದಲ್ಲೋ ಪ್ರಮಾಣದಲ್ಲೋ ಎಂದು ಮೊದಲು ಕೇಳಬೇಕಾದುದು ಇದಕ್ಕಾಗಿ.

ಆರೋಗ್ಯದ ಅಧ್ಯಯನದಲ್ಲಿ ವಿಂಗಡಣೆ ಬೇರೆ ರೀತಿಯದು. ಡಯಾನಾ ಕೂ ಮತ್ತು ಯೋವ್ ಬೆನ್-ಶ್ಲೋಮೋ ಇದನ್ನು ಮೂರು ಮಾದರಿಗಳಾಗಿ ಸ್ಪಷ್ಟಪಡಿಸಿದರು. ಗರ್ಭಾವಸ್ಥೆ ಅಥವಾ ಶೈಶವದ ಒಂದು ನಿರ್ದಿಷ್ಟ ಘಟ್ಟದಲ್ಲಿ ಆದ ಕೊರತೆ ಅಂಗಗಳ ರಚನೆಯಲ್ಲೇ ಉಳಿದುಬಿಡುವುದು ನಿರ್ಣಾಯಕ ಅವಧಿಯ ಮಾದರಿ. ಹೊಗೆ, ಹಸಿವು, ದುಡಿತದ ಒತ್ತಡ ಮುಂತಾದ ಹಾನಿಗಳು ಯಾವ ವಯಸ್ಸಿನಲ್ಲಿ ಬಂದರೂ ಒಂದಕ್ಕೊಂದು ಕೂಡುತ್ತ ಹೋಗುವುದು ಶೇಖರಣೆಯ ಮಾದರಿ. ಒಂದು ಅನನುಕೂಲವೇ ಮುಂದಿನದಕ್ಕೆ ದಾರಿ ಮಾಡಿಕೊಡುವುದು ಅಪಾಯ ಸರಪಳಿಯ ಮಾದರಿ. ಬಾಲ್ಯದ ಕಾಯಿಲೆಯಿಂದ ಶಾಲೆ ತಪ್ಪಿ, ಶಾಲೆ ತಪ್ಪಿದ್ದರಿಂದ ಮೈಮುರಿಯುವ ಕೂಲಿಯೇ ಗತಿಯಾಗಿ, ಆ ಕೂಲಿಯಿಂದ ಬೆನ್ನು ಮಂಡಿಗಳು ಬೇಗ ಸವೆಯುವುದು ಈ ಮೂರನೆಯದಕ್ಕೆ ಉದಾಹರಣೆ. ಒಬ್ಬರ ಬದುಕಿನಲ್ಲಿ ಮೂರೂ ಒಟ್ಟಿಗೆ ನಡೆಯಬಹುದಾದ್ದರಿಂದ ಅಂಕಿಅಂಶಗಳಲ್ಲಿ ಅವನ್ನು ಬಿಡಿಸುವುದು ಸುಲಭವಲ್ಲ.

ಆರೋಗ್ಯದಲ್ಲಿ ಪುರಾವೆ

ನಿರ್ಣಾಯಕ ಅವಧಿಯ ಮಾದರಿಗೆ ಭಾರತದಿಂದ ದೊರೆತ ಮುಖ್ಯ ಸಾಕ್ಷ್ಯ ಮೈಸೂರಿನದು. ಮಿಷನ್ ಆಸ್ಪತ್ರೆ ಎಂದೇ ಪರಿಚಿತವಾದ ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯ ದಾಖಲೆಗಳು ಉಳಿದುಕೊಂಡಿದ್ದವು. ಆ ಕಾಲದಲ್ಲಿ ಅಲ್ಲಿ ಹುಟ್ಟಿ ಇನ್ನೂ ಆ ಭಾಗದಲ್ಲೇ ನೆಲೆಸಿದ್ದ 517 ಮಂದಿಯನ್ನು ಪತ್ತೆಹಚ್ಚಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11ರಷ್ಟು ಜನರಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು. ಮೂರು ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಅದು ಸುಮಾರು ಶೇ. 3. ಗರ್ಭಾವಸ್ಥೆಯ ಕೊರತೆ ಮುಂದೆ ಹೃದ್ರೋಗವಾಗಿ ತಲೆದೋರುತ್ತದೆಂದು ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಮೊದಲು ಮುಂದಿಟ್ಟ ಊಹೆಗೆ ಇದು ಬಲ ಕೊಟ್ಟಿತು. ಆದರೆ ಅದೇ ಗುಂಪಿನಲ್ಲಿ ಮಧುಮೇಹದ ಚಿತ್ರ ಭಿನ್ನವಾಗಿತ್ತು. ಅದು ಸಣಕಲು ಮಕ್ಕಳಾಗಿ ಹುಟ್ಟಿದವರಲ್ಲಲ್ಲ, ಉದ್ದಕ್ಕೆ ಹೋಲಿಸಿದರೆ ಹೆಚ್ಚು ದುಂಡಗಿದ್ದವರಲ್ಲಿ ಹೆಚ್ಚಾಗಿ ಕಂಡಿತು. ಹುಟ್ಟಿನ ತೂಕ ಒಂದರಿಂದಲೇ ಮುಂದಿನ ಎಲ್ಲ ಕಾಯಿಲೆಗಳನ್ನೂ ವಿವರಿಸಲಾಗದು ಎಂಬ ಮಿತಿಯನ್ನೂ ಮೈಸೂರೇ ತೋರಿಸಿಕೊಟ್ಟಿತು.

ಹುಟ್ಟಿನ ಕೊರತೆ ಮುಂದೆ ಉಳಿಯುತ್ತದೆ ಎನ್ನುವುದು ಒಂದು ಮಾತು, ಅಂತರ ಹಿಗ್ಗುತ್ತದೆ ಎನ್ನುವುದು ಇನ್ನೊಂದು. ಎರಡನೆಯದನ್ನು ಬಾಲ್ಯದಲ್ಲೇ ತೋರಿಸಿದ್ದು ಆನ್ ಕೇಸ್, ಡ್ಯಾರೆನ್ ಲುಬೋಟ್ಸ್ಕಿ ಮತ್ತು ಕ್ರಿಸ್ಟಿನಾ ಪ್ಯಾಕ್ಸನ್ 2002ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನ. ಹೆತ್ತವರ ಆದಾಯಕ್ಕೂ ಮಕ್ಕಳ ಆರೋಗ್ಯಕ್ಕೂ ಇರುವ ಸಂಬಂಧ ಮೂರು ವರ್ಷದೊಳಗಿನವರಲ್ಲಿ ಸಣ್ಣದಾಗಿದ್ದು, ಹದಿಹರೆಯದ ಹೊತ್ತಿಗೆ ಬಹಳ ಕಡಿದಾಗುತ್ತಿತ್ತು. ಬಡ ಮಕ್ಕಳಿಗೆ ದೀರ್ಘಕಾಲದ ಕಾಯಿಲೆಗಳು ಹೆಚ್ಚಾಗಿ ಬರುತ್ತಿದ್ದವು. ಒಂದೇ ಕಾಯಿಲೆಯಿದ್ದರೂ ಅವರ ಸ್ಥಿತಿ ಶ್ರೀಮಂತ ಮಕ್ಕಳ ಸ್ಥಿತಿಗಿಂತ ಕೆಟ್ಟದಾಗಿತ್ತು. ಚಿಕಿತ್ಸೆಗೆ ದುಡ್ಡಿಲ್ಲದ್ದೇ ಕಾರಣವಿರಬಹುದೆಂದು ಇಲ್ಲಿ ಆಕ್ಷೇಪಿಸಲು ಸಾಧ್ಯ. ಸಾರ್ವಜನಿಕ ಆರೋಗ್ಯ ವಿಮೆಯಿರುವ ಕೆನಡಾದಲ್ಲಿ ಜಾನೆಟ್ ಕರಿ ಮತ್ತು ಮಾರ್ಕ್ ಸ್ಟೇಬೈಲ್ 2003ರಲ್ಲಿ ಇದನ್ನೇ ಪರೀಕ್ಷಿಸಿದರು. ಅಲ್ಲಿ ಬಡ ಮಕ್ಕಳೂ ಕಾಯಿಲೆಯಿಂದ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಚೇತರಿಸಿಕೊಳ್ಳುತ್ತಿದ್ದರು, ಆದರೂ ಅಂತರ ವಯಸ್ಸಿನೊಂದಿಗೆ ಹಿಗ್ಗುತ್ತಲೇ ಇತ್ತು. ಏಕೆಂದರೆ ಅವರ ಮೇಲೆ ಬೀಳುವ ಪೆಟ್ಟುಗಳ ಸಂಖ್ಯೆಯೇ ಹೆಚ್ಚು. ಆಸ್ಪತ್ರೆ ಎಲ್ಲರಿಗೂ ತೆರೆದಿದ್ದರೆ ಒಂದೊಂದು ಪೆಟ್ಟಿನ ಹಾನಿ ತಗ್ಗೀತು, ಪೆಟ್ಟುಗಳು ಬರುವ ವೇಗ ತಗ್ಗದು ಎಂಬ ಈ ತಿಳಿವಳಿಕೆ ಇಡೀ ಕ್ಷೇತ್ರದಲ್ಲಿ ಅತ್ಯಂತ ಮೌಲ್ಯದ್ದು.

ದೊಡ್ಡವರಲ್ಲಿ ಇದಕ್ಕೆ ಸಮಾನವಾದ ಸಾಕ್ಷ್ಯ ಆರ್ಲೀನ್ ಜೆರೋನಿಮಸ್ 1992ರಲ್ಲಿ ಮುಂದಿಟ್ಟ ‘ಸವೆತ’ದ ಊಹೆಯಲ್ಲಿದೆ. ಅಮೆರಿಕದ ಬಿಳಿಯ ತಾಯಂದಿರ ಮಕ್ಕಳಿಗೆ ಶೈಶವದಲ್ಲೇ ಸಾಯುವ ಅಪಾಯ ಅತಿ ಕಡಿಮೆಯಿರುವುದು ತಾಯಿ ಇಪ್ಪತ್ತರಿಂದ ಮೂವತ್ತರೊಳಗಿನ ವಯಸ್ಸಿನಲ್ಲಿದ್ದಾಗ. ಕಪ್ಪು ತಾಯಂದಿರಲ್ಲಾದರೆ ಹದಿಹರೆಯದ ಕೊನೆಯಿಂದಲೇ ಅಪಾಯ ಏರತೊಡಗುತ್ತದೆ. ಅಂದರೆ ವಯಸ್ಸು ಅದೇ ಆದರೂ ಎರಡು ಗುಂಪುಗಳ ದೇಹ ಸವೆಯುವ ವೇಗ ಒಂದೇ ಅಲ್ಲ. ಪದೇಪದೇ ಬರುವ ಒತ್ತಡಕ್ಕೆ ಹೊಂದಿಕೊಳ್ಳಲು ದೇಹ ತೆರುವ ಬೆಲೆಯು ರಕ್ತದೊತ್ತಡ, ಸಕ್ಕರೆ, ಉರಿಯೂತದ ಏರಿಕೆಯಾಗಿ ಶೇಖರವಾಗುತ್ತದೆಂಬ, ಬ್ರೂಸ್ ಮೆಕ್ಎವನ್ ಬೆಳೆಸಿದ ವಿವರಣೆ ಇದಕ್ಕೆ ಶಾರೀರಿಕ ಆಧಾರ ಒದಗಿಸುತ್ತದೆ.

ವಯಸ್ಸು ಎಲ್ಲರನ್ನೂ ಸಮನಾಗಿಸುತ್ತದೆಯೆ?

ಈ ಸಿದ್ಧಾಂತಕ್ಕೆ ಎದುರಾದ ಅತಿ ಗಟ್ಟಿಯಾದ ಆಕ್ಷೇಪ ಅಂಕಿಅಂಶಗಳಿಂದಲೇ ಬಂದದ್ದು. ಓದಿದವರಿಗೂ ಓದದವರಿಗೂ ನಡುವಿನ ಆರೋಗ್ಯದ ಅಂತರ ನಡುವಯಸ್ಸಿನವರೆಗೆ ಹೆಚ್ಚಿ, ಎಪ್ಪತ್ತರ ನಂತರ ಕುಗ್ಗುವುದು ಅನೇಕ ಸಮೀಕ್ಷೆಗಳಲ್ಲಿ ಕಾಣುತ್ತದೆ. ಮುಪ್ಪಿನಲ್ಲಿ ದೇಹದ ಸಹಜ ಕುಸಿತವೇ ಮೇಲುಗೈ ಪಡೆದು ಸಾಮಾಜಿಕ ಭೇದವನ್ನು ಅಳಿಸುತ್ತದೆಂಬುದು ಇದರ ನೇರ ಓದು. ಇದಕ್ಕೆ ‘ಸಮಕಾರಿ ವಯಸ್ಸಿನ ಊಹೆ’ ಎಂದು ಹೆಸರು. ಆದರೆ ಸಮೀಕ್ಷೆಯವರು ಮಾತನಾಡಿಸುವುದು ಬದುಕಿರುವವರನ್ನು ಮಾತ್ರ. ಅತಿ ದುರ್ಬಲರು ಮೊದಲೇ ಸತ್ತು ಗುಂಪಿನಿಂದ ಜಾರಿಹೋಗುವುದಕ್ಕೆ ‘ಮರಣದ ಸೋಸಿಕೆ’ ಎನ್ನಬಹುದು. ಅನನುಕೂಲದ ಗುಂಪಿನಲ್ಲಿ ಈ ಸೋಸಿಕೆ ಹೆಚ್ಚು ಬಿರುಸಾಗಿರುತ್ತದೆ.

ಇದರ ಬಲವನ್ನು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡಬಹುದು. ಅರವತ್ತನೆಯ ವಯಸ್ಸಿನಲ್ಲಿ ಎರಡು ಗುಂಪುಗಳಲ್ಲಿ ತಲಾ 1,000 ಜನರಿದ್ದಾರೆ. ಹಿಂದುಳಿದ ಗುಂಪಿನಲ್ಲಿ 400 ಮಂದಿ, ಮುಂದಿರುವ ಗುಂಪಿನಲ್ಲಿ 200 ಮಂದಿ ಕಾಯಿಲೆಯವರು. ಅಂತರ ನೂರಕ್ಕೆ ಇಪ್ಪತ್ತು. ಮುಂದಿನ ಹದಿನೈದು ವರ್ಷಗಳಲ್ಲಿ ಹಿಂದುಳಿದ ಗುಂಪಿನ ಕಾಯಿಲೆಯವರಲ್ಲಿ ಶೇ. 80, ಆರೋಗ್ಯವಂತರಲ್ಲಿ ಶೇ. 20 ಸಾಯುತ್ತಾರೆ, ಮುಂದಿರುವ ಗುಂಪಿನಲ್ಲಿ ಈ ಪ್ರಮಾಣ ಶೇ. 50 ಮತ್ತು ಶೇ. 10. ಉಳಿದ ಆರೋಗ್ಯವಂತರಲ್ಲಿ ಹಿಂದುಳಿದವರ ಶೇ. 25, ಮುಂದಿರುವವರ ಶೇ. 20 ಹೊಸದಾಗಿ ಕಾಯಿಲೆ ಬೀಳುತ್ತಾರೆ. ಎಪ್ಪತ್ತೈದರ ಹೊತ್ತಿಗೆ ಹಿಂದುಳಿದ ಗುಂಪಿನಲ್ಲಿ ಬದುಕಿರುವವರು 560, ಅವರಲ್ಲಿ ಕಾಯಿಲೆಯವರು 200, ಅಂದರೆ ಸುಮಾರು ಶೇ. 36. ಮುಂದಿರುವ ಗುಂಪಿನಲ್ಲಿ ಬದುಕಿರುವವರು 820, ಕಾಯಿಲೆಯವರು 244, ಅಂದರೆ ಸುಮಾರು ಶೇ. 30. ಸಮೀಕ್ಷೆ ನಡೆಸಿದರೆ ಅಂತರ ಇಪ್ಪತ್ತರಿಂದ ಆರಕ್ಕೆ ಇಳಿದಿದೆಯೆಂದು ವರದಿಯಾಗುತ್ತದೆ. ಆದರೆ ಮೊದಲಿನ ಸಾವಿರದಲ್ಲಿ ಬದುಕಿದ್ದು ಆರೋಗ್ಯವಾಗಿಯೂ ಇರುವವರು ಎಷ್ಟು ಎಂದು ಕೇಳಿದರೆ ಉತ್ತರ 360 ಮತ್ತು 576. ಅರವತ್ತರಲ್ಲಿ 200 ಇದ್ದ ಈ ಅಂತರ ಈಗ 216 ಆಗಿದೆ, ಸತ್ತವರ ಸಂಖ್ಯೆ 440 ಮತ್ತು 180. ಕುಗ್ಗಿದಂತೆ ಕಂಡದ್ದು ಅಸಮಾನತೆಯಲ್ಲ, ಅದನ್ನು ಹೊತ್ತವರ ತಲೆಯೆಣಿಕೆ.

ಹಾಗೆಂದು ಎಲ್ಲ ಕುಗ್ಗುವಿಕೆಯನ್ನೂ ಸಾವಿನ ಲೆಕ್ಕಕ್ಕೆ ಹಾಕುವುದು ಸರಿಯಲ್ಲ. ಮೇಗನ್ ಬೆಕೆಟ್ 2000ದಲ್ಲಿ ಅಮೆರಿಕದ ದತ್ತಾಂಶವನ್ನು ಪರಿಶೀಲಿಸಿ, ಮರಣದ ಸೋಸಿಕೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ಕಾಯಿಲೆಗಳ ಅಂತರ ಇಳಿವಯಸ್ಸಿನಲ್ಲಿ ಸ್ವಲ್ಪ ಕಿರಿದಾಗುತ್ತದೆಂದು ಕಂಡುಕೊಂಡರು. ಇನ್ನೊಂದು ತೊಡಕೂ ಇದೆ. ಒಂದೇ ವರ್ಷದಲ್ಲಿ ನಲವತ್ತರವರನ್ನೂ ಎಂಬತ್ತರವರನ್ನೂ ಹೋಲಿಸಿದರೆ ವಯಸ್ಸಿನ ಪರಿಣಾಮವೂ ಹುಟ್ಟಿದ ಕಾಲದ ಪರಿಣಾಮವೂ ಬೆರೆತುಹೋಗುತ್ತವೆ. ಅಮೆರಿಕದಲ್ಲಿ ಶಿಕ್ಷಣದಿಂದ ಆರೋಗ್ಯಕ್ಕೆ ಸಿಗುವ ಲಾಭ ಈಚಿನ ತಲೆಮಾರುಗಳಲ್ಲಿ ಹೆಚ್ಚಾಗಿದೆಯೆಂದೂ, ಓರಗೆಯ ಗುಂಪುಗಳನ್ನು ಬೇರ್ಪಡಿಸಿ ನೋಡಿದಾಗ ಪ್ರತಿ ಗುಂಪಿನೊಳಗೂ ಅಂತರ ವಯಸ್ಸಿನೊಂದಿಗೆ ಹಿಗ್ಗುವುದು ಕಾಣುತ್ತದೆಂದೂ ಸ್ಕಾಟ್ ಲಿಂಚ್ 2003ರಲ್ಲಿ ತೋರಿಸಿದರು. ಆದ್ದರಿಂದ ಒಂದೇ ಸಮಯದ ಸಮೀಕ್ಷೆಯಲ್ಲಿ ಕಂಡ ಕುಗ್ಗುವಿಕೆಯನ್ನು ಈ ಸಿದ್ಧಾಂತದ ನಿರಾಕರಣೆಯೆಂದು ತೆಗೆದುಕೊಳ್ಳಲಾಗದು.

ಆದಾಯ ಮತ್ತು ಪಿಂಚಣಿ

ಆದಾಯದ ವಿಷಯದಲ್ಲಿ ಅಂತರ ಹಿಗ್ಗುವುದರ ಬಗ್ಗೆ ಹೆಚ್ಚು ವಿವಾದವಿಲ್ಲ. ಆಂಗಸ್ ಡೀಟನ್ ಮತ್ತು ಕ್ರಿಸ್ಟಿನಾ ಪ್ಯಾಕ್ಸನ್ 1994ರಲ್ಲಿ ಅಮೆರಿಕ, ಬ್ರಿಟನ್ ಮತ್ತು ತೈವಾನ್‌ಗಳ ಅಂಕಿಅಂಶಗಳನ್ನು ಓರಗೆಯ ಗುಂಪುಗಳಾಗಿ ಜೋಡಿಸಿ, ಆದಾಯ ಮತ್ತು ಖರ್ಚು ಎರಡರಲ್ಲೂ ಗುಂಪಿನೊಳಗಿನ ಅಸಮಾನತೆ ವಯಸ್ಸಿನೊಂದಿಗೆ ಏರುತ್ತದೆಂದು ತೋರಿಸಿದರು. ವಿವಾದವಿರುವುದು ಕಾರಣದ ಬಗ್ಗೆ. ಪ್ರತಿಯೊಬ್ಬರಿಗೂ ಪ್ರತಿ ವರ್ಷ ಅದೃಷ್ಟವೋ ದುರದೃಷ್ಟವೋ ಎದುರಾಗುತ್ತ, ಅದರ ಫಲ ಅಳಿಯದೆ ಉಳಿದರೆ, ಎಲ್ಲರೂ ಒಂದೇ ಸ್ಥಾನದಿಂದ ಹೊರಟಿದ್ದರೂ ಕೊನೆಗೆ ಚದರಿಹೋಗುತ್ತಾರೆ. ಆರಂಭದ ಅನುಕೂಲವೇ ಇಲ್ಲದೆಯೂ ಅಂತರ ಹಿಗ್ಗಬಹುದೆಂಬ ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಎರಡನ್ನೂ ಬೇರ್ಪಡಿಸುವ ಒಂದು ಪರೀಕ್ಷೆಯಿದೆ. ಬರೀ ಆಕಸ್ಮಿಕವೇ ಕಾರಣವಾಗಿದ್ದರೆ ಹೆಚ್ಚು ಓದಿದವರ ಮತ್ತು ಕಡಿಮೆ ಓದಿದವರ ಸರಾಸರಿಗಳ ನಡುವಿನ ಅಂತರ ಹಾಗೆಯೇ ಉಳಿದು, ಪ್ರತಿ ಗುಂಪಿನ ಒಳಗೆ ಮಾತ್ರ ಚದರುವಿಕೆ ಹೆಚ್ಚಬೇಕು. ಸರಾಸರಿಗಳೇ ದೂರವಾಗುತ್ತ ಹೋದರೆ ಆರಂಭದ ಸ್ಥಾನ ಕೆಲಸ ಮಾಡುತ್ತಿದೆಯೆಂದು ಅರ್ಥ. ಶಿಕ್ಷಣದ ಪ್ರಕಾರ ವಿಂಗಡಿಸಿದ ಗಳಿಕೆಯ ಗೆರೆಗಳು ನಡುವಯಸ್ಸಿನವರೆಗೆ ಕತ್ತರಿಯಂತೆ ತೆರೆದುಕೊಳ್ಳುತ್ತವೆ. ಜೊತೆಗೆ ಗುಂಪುಗಳೊಳಗಿನ ಚದರುವಿಕೆಯೂ ಹೆಚ್ಚುತ್ತದೆ. ಹಾಗಾಗಿ ಎರಡೂ ಪ್ರಕ್ರಿಯೆಗಳು ಇವೆ, ಒಂದು ಇನ್ನೊಂದನ್ನು ಸುಳ್ಳಾಗಿಸುವುದಿಲ್ಲ.

ದುಡಿಮೆಯ ಕಾಲದ ವ್ಯತ್ಯಾಸವನ್ನು ಮುಪ್ಪಿಗೆ ಸಾಗಿಸುವ ಸೇತುವೆ ಪಿಂಚಣಿಯ ನಿಯಮಗಳು. ಭಾರತದ ನೌಕರರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಯೆಂದರೆ ಪಿಂಚಣಿಗೆ ಅರ್ಹವಾದ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದ ಮೊತ್ತ. 15,000 ರೂಪಾಯಿ ಸಂಬಳದ ಮಿತಿಯಲ್ಲಿ 18 ವರ್ಷ ಸೇವೆ ಸಲ್ಲಿಸಿದವರಿಗೆ ಇದು ಸುಮಾರು 3,857 ರೂಪಾಯಿ ಆಗುತ್ತದೆ. ಅದೇ ಸಂಬಳಕ್ಕೆ 8 ವರ್ಷ ಮಾತ್ರ ಚಂದಾ ಕಟ್ಟಿದವರಿಗೆ ಆ ಪ್ರಮಾಣದಲ್ಲಿ ಕಡಿಮೆ ಬರುವುದಿಲ್ಲ, ತಿಂಗಳ ಪಿಂಚಣಿ ಬರುವುದೇ ಇಲ್ಲ. ಪಿಂಚಣಿಯ ಅರ್ಹತೆಗೆ 10 ವರ್ಷದ ಸೇವೆ ಬೇಕು. ಅದಿಲ್ಲದವರು ಒಂದಿಷ್ಟು ಇಡಿಗಂಟನ್ನು ಹಿಂದಕ್ಕೆ ಪಡೆಯಬಹುದು ಅಷ್ಟೆ. ಹೆರಿಗೆ, ಮನೆಯ ಹಿರಿಯರ ಆರೈಕೆ, ಗುತ್ತಿಗೆ ಮುಗಿದು ಕೆಲಸ ಹೋಗುವುದು ಇಂಥವುಗಳಿಂದ ಸೇವೆ ತುಂಡಾಗುವವರು ಹೆಚ್ಚಾಗಿ ಯಾರೋ ಅವರೇ ಈ ಗೆರೆಯ ಕೆಳಗೆ ಉಳಿಯುತ್ತಾರೆ. ಇಪ್ಪತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿ, ಗ್ಯಾರೇಜು, ಕಾರ್ಖಾನೆಗಳು ಸಾಮಾನ್ಯವಾಗಿ ಈ ಯೋಜನೆಯ ಹೊರಗೆ. ಹೊಲದ ಕೂಲಿಯವರೂ ಮನೆಗೆಲಸದವರೂ ಹೊರಗೆ. ಅಂಥವರಲ್ಲಿ ಬಡತನದ ರೇಖೆಗಿಂತ ಕೆಳಗಿರುವವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಯಲ್ಲಿ ಕೇಂದ್ರ ಸರ್ಕಾರ ನೀಡುವ ಪಾಲು 60ರಿಂದ 79ರ ವಯಸ್ಸಿನವರೆಗೆ ತಿಂಗಳಿಗೆ 200 ರೂಪಾಯಿ, 80ರ ನಂತರ 500 ರೂಪಾಯಿ. ರಾಜ್ಯಗಳು ಇದಕ್ಕೆ ತಮ್ಮ ಪಾಲು ಸೇರಿಸುತ್ತವೆ. ಕೇಂದ್ರದ ಮೊತ್ತ ಬೆಲೆಯೇರಿಕೆಯೊಂದಿಗೆ ತಾನಾಗಿ ಏರುವುದಿಲ್ಲ, ಆದ್ದರಿಂದ ಅದರ ಕೊಳ್ಳುವ ಶಕ್ತಿ ವರ್ಷವರ್ಷಕ್ಕೂ ಕುಗ್ಗುತ್ತದೆ.

ಅಮೆರಿಕದ ಸಾಮಾಜಿಕ ಭದ್ರತೆಯ ಪಿಂಚಣಿ ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ. ಅಲ್ಲಿ ಕಡಿಮೆ ಗಳಿಸಿದವರಿಗೆ ಅವರ ಗಳಿಕೆಯ ಹೆಚ್ಚಿನ ಪಾಲು, ಹೆಚ್ಚು ಗಳಿಸಿದವರಿಗೆ ಕಡಿಮೆ ಪಾಲು ಮರಳಿ ಬರುವಂತೆ ಸೂತ್ರವನ್ನು ರಚಿಸಲಾಗಿದೆ, ಮೊತ್ತವೂ ಬೆಲೆಯೇರಿಕೆಯೊಂದಿಗೆ ಏರುತ್ತದೆ. ಆದರೂ ಕ್ರಿಸ್ಟಲ್ ಮತ್ತು ಶೇ ಅವರ ಲೆಕ್ಕದಲ್ಲಿ ಅಮೆರಿಕದ ವೃದ್ಧರ ನಡುವಿನ ಅಸಮಾನತೆ ಕಿರಿಯರಿಗಿಂತ ಹೆಚ್ಚಾಗಿಯೇ ಇತ್ತು. ಖಾಸಗಿ ಪಿಂಚಣಿ ಮತ್ತು ಆಸ್ತಿಯ ಆದಾಯ ಮೇಲಿನವರ ಕೈಯಲ್ಲೇ ಕೇಂದ್ರೀಕೃತವಾಗಿದ್ದುದು ಇದಕ್ಕೆ ಕಾರಣ.

ಕಾರಣ ಯಾವುದು, ಫಲ ಯಾವುದು

ಕಾಯಿಲೆಯವರು ದುಡಿಯಲಾಗದೆ ಬಡವರಾಗುತ್ತಾರೆ, ಬಡತನ ಕಾಯಿಲೆಗೆ ಕಾರಣವಲ್ಲ ಎಂಬ ವಾದವೂ ಇದೆ. ನಡುವಯಸ್ಸಿನ ಅಂಕಿಅಂಶಗಳಲ್ಲಿ ಈ ಹಿಮ್ಮುಖ ಪ್ರಭಾವ ನಿಜಕ್ಕೂ ದೊಡ್ಡದು. ಆದರೆ ಇದು ಸಂಚಯದ ಸಿದ್ಧಾಂತಕ್ಕೆ ವಿರುದ್ಧವಲ್ಲ, ಅದರ ಒಂದು ಕೊಂಡಿ ಮಾತ್ರ. ಬಾಲ್ಯದ ಸ್ಥಿತಿಗೆ ಸ್ವತಂತ್ರವಾದ ಪ್ರಭಾವವಿದೆಯೆ ಎಂಬುದನ್ನು ತೀರ್ಮಾನಿಸಲು ಪ್ರಯೋಗ ಬೇಕು. ಅಂಥದೊಂದು 1969ರಿಂದ 1977ರವರೆಗೆ ಗ್ವಾಟೆಮಾಲಾದ ನಾಲ್ಕು ಹಳ್ಳಿಗಳಲ್ಲಿ ನಡೆಯಿತು. ಎರಡು ಹಳ್ಳಿಗಳಲ್ಲಿ ಪ್ರೋಟೀನು ತುಂಬಿದ ‘ಅತೋಲೆ’ ಗಂಜಿಯನ್ನೂ, ಉಳಿದ ಎರಡರಲ್ಲಿ ಪ್ರೋಟೀನಿಲ್ಲದ, ಕಡಿಮೆ ಶಕ್ತಿಯ ಪಾನೀಯವನ್ನೂ ಹಂಚಲಾಯಿತು. ಆ ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಹುಡುಕಿ ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಹುಟ್ಟಿದಾಗಿನಿಂದ ಎರಡನೆಯ ವರ್ಷದವರೆಗೆ ಅತೋಲೆ ಸಿಕ್ಕಿದ್ದ ಗಂಡಸರ ಗಂಟೆಗೂಲಿ ಸರಾಸರಿಗಿಂತ ಸುಮಾರು ಶೇ. 46ರಷ್ಟು ಹೆಚ್ಚಾಗಿತ್ತು. ಮೂರು ವರ್ಷ ದಾಟಿದ ಮೇಲೆ ಸಿಕ್ಕವರಲ್ಲಿ ಈ ಲಾಭ ಕಾಣಲಿಲ್ಲ, ಹೆಂಗಸರ ಕೂಲಿಯಲ್ಲೂ ಕಾಣಲಿಲ್ಲ. ಹಳ್ಳಿಗಳು ನಾಲ್ಕೇ ಇದ್ದುದರಿಂದ ಇದರ ನಿಖರತೆಗೆ ಮಿತಿಯಿದೆ. ಹೆಂಗಸರಿಗೆ ಫಲ ಸಿಗದಿದ್ದುದು ದೇಹದ ಬಲವೊಂದೇ ಸಾಲದು, ಅದನ್ನು ಕೂಲಿಯಾಗಿ ಪರಿವರ್ತಿಸುವ ಮಾರುಕಟ್ಟೆಯೂ ತೆರೆದಿರಬೇಕೆಂಬುದಕ್ಕೆ ಸೂಚನೆಯಾಗಿರಬಹುದು.

ಇಂದಿನ ಸ್ಥಿತಿ

2009ರಲ್ಲಿ ಕೆನೆತ್ ಫೆರಾರೊ ಮತ್ತು ತೆತ್ಯಾನಾ ಶಿಪ್ಪಿ ಸಂಚಿತ ಅಸಮಾನತೆಯ ಸಿದ್ಧಾಂತ ಎಂಬ ಪರಿಷ್ಕೃತ ರೂಪವನ್ನು ಮುಂದಿಟ್ಟರು. ಅನನುಕೂಲವೆಂಬುದು ಅನುಕೂಲದ ಬರೀ ತಿರುಗುಮುರುಗು ಅಲ್ಲ, ಎರಡರ ದಾರಿಗಳೂ ಬೇರೆಯಾಗಿರಬಹುದು, ಮತ್ತು ಸಿಕ್ಕ ಸಂಪನ್ಮೂಲಗಳನ್ನು ಬಳಸಿಕೊಂಡು ಜನ ತಮ್ಮ ಹಾದಿಯನ್ನು ಬದಲಿಸಿಕೊಳ್ಳಲೂಬಹುದು ಎಂಬುದು ಅದರ ಮುಖ್ಯ ತಿದ್ದುಪಡಿ. ಆರಂಭವೇ ಅಂತ್ಯವನ್ನು ನಿರ್ಧರಿಸಿಬಿಡುತ್ತದೆಂಬ ತಪ್ಪು ಗ್ರಹಿಕೆಗೆ ಇದರಲ್ಲಿ ಉತ್ತರವಿದೆ. ಸಿದ್ಧಾಂತ ಹೇಳುವುದು ಗುಂಪಿನ ಸಂಭವನೀಯತೆಯನ್ನು, ಒಬ್ಬೊಬ್ಬರ ಹಣೆಬರಹವನ್ನಲ್ಲ.

ಇಂಥ ಪ್ರಶ್ನೆಗಳಿಗೆ ಒಂದೇ ಜನರನ್ನು ದಶಕಗಟ್ಟಲೆ ಹಿಂಬಾಲಿಸುವ ಅಧ್ಯಯನಗಳೇ ಬೇಕು. ಅಮೆರಿಕದಲ್ಲಿ 1968ರಿಂದ ಅದೇ ಕುಟುಂಬಗಳನ್ನು ಅನುಸರಿಸುತ್ತಿರುವ ಆದಾಯ ಸಮೀಕ್ಷೆಯಿದೆ; ಬ್ರಿಟನ್ನಿನಲ್ಲಿ 1946ರ ಮಾರ್ಚ್ ತಿಂಗಳ ಒಂದು ವಾರದಲ್ಲಿ ಹುಟ್ಟಿದವರನ್ನು ಇಂದಿಗೂ ಪರೀಕ್ಷಿಸುತ್ತಿರುವ ಅಧ್ಯಯನವಿದೆ. ಭಾರತದಲ್ಲಿ 2017–18ರಲ್ಲಿ ಮೊದಲ ಸುತ್ತು ಮುಗಿಸಿದ ರಾಷ್ಟ್ರೀಯ ಮುಪ್ಪಿನ ಸಮೀಕ್ಷೆ 45 ವರ್ಷ ದಾಟಿದವರು ಮತ್ತು ಅವರ ಸಂಗಾತಿಗಳನ್ನು ಸೇರಿಸಿ ಸುಮಾರು 72,000 ಮಂದಿಯನ್ನು ಒಳಗೊಂಡಿದೆ. ಅವರನ್ನೇ ಮತ್ತೆ ಮತ್ತೆ ಭೇಟಿಯಾಗುವುದು ಅದರ ಉದ್ದೇಶ. ಬಾಲ್ಯದ ಆರೋಗ್ಯ ಮತ್ತು ಮನೆಯ ಸ್ಥಿತಿಯನ್ನು ಅದು ಹಿರಿಯರ ನೆನಪಿನಿಂದಲೇ ಕೇಳಿ ಪಡೆಯಬೇಕು, ಮತ್ತು ನಲವತ್ತೈದಕ್ಕೆ ಮೊದಲೇ ತೀರಿಕೊಂಡವರು ಅದರ ಪಟ್ಟಿಗೆ ಸೇರುವುದೇ ಇಲ್ಲ. ಆದ್ದರಿಂದ ಅದರಲ್ಲಿ ಕಾಣುವ ಅಂತರವನ್ನು ನಿಜವಾದ ಅಂತರದ ಕೆಳಮಿತಿಯೆಂದು ಓದುವುದು ಸರಿ. ಹುಟ್ಟಿದ ದಿನದ ದಾಖಲೆಯಿಂದಲೇ ಹೊರಡುವ ಮೈಸೂರಿನಂಥ ಗುಂಪುಗಳಲ್ಲಿ ನೆನಪಿನ ಈ ತೊಡಕು ಇಲ್ಲ. ಆದರೆ ಅಲ್ಲಿ ಸಿಕ್ಕವರು ಆಸ್ಪತ್ರೆಯಲ್ಲಿ ಹುಟ್ಟಿದವರು, ಊರು ಬಿಡದೆ ಉಳಿದವರು ಮಾತ್ರ.